ತಕ್ಕಡಿಯಲ್ಲಿ ಆನಿಯ ಹೃದಯ

ಕ್ರಿ.ಪೂ. ಸುಮಾರು 1250ರಲ್ಲಿ ಈಜಿಪ್ಟಿನಲ್ಲಿ ಆನಿ ಎಂಬ ಒಬ್ಬ ಅಧಿಕಾರಿ ಇದ್ದ. ಅರಮನೆಯ ಕರಣಿಕ. ದೇವಸ್ಥಾನಗಳಿಗೆ ಬರುವ ನೈವೇದ್ಯದ ಲೆಕ್ಕ ಬರೆಯುವುದು, ಕಣಜಗಳ ಮೇಲ್ವಿಚಾರಣೆ ಅವನ ಕೆಲಸ. ಹೆಂಡತಿಯ ಹೆಸರು ತುತು, ಅಮುನ್ ದೇವರ ಗುಡಿಯಲ್ಲಿ ಹಾಡುವ ಸೇವೆ ಅವಳದು. ಆನಿಯ ಜೊತೆ ಸಮಾಧಿಗೆ ಹೋದ ಪಪೈರಸ್ ಸುರುಳಿ ಬಿಚ್ಚಿದರೆ 23 ಮೀಟರಿಗೂ ಹೆಚ್ಚು ಉದ್ದ. ಥೀಬ್ಸ್ ನಗರದ ಸಮಾಧಿ ನೆಲದಲ್ಲಿ ಸಿಕ್ಕ ಅದನ್ನು 1888ರಲ್ಲಿ ವಾಲಿಸ್ ಬಡ್ಜ್ ಎಂಬ ವಿದ್ವಾಂಸ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕೊಂಡು ತಂದ. ಸುರುಳಿಯನ್ನು ಕತ್ತರಿಸಿ 37 ಹಾಳೆಗಳನ್ನಾಗಿ ಮಾಡಿ ಗಾಜಿನಡಿ ಇಟ್ಟರು. ಶಾಲಾ ಪುಸ್ತಕಗಳಲ್ಲಿ, ಪ್ರವಾಸಿ ಅಂಗಡಿಗಳ ಬಟ್ಟೆಚೀಲಗಳ ಮೇಲೆ ನಾವು ಕಾಣುವ ‘ಹೃದಯ ತೂಗುವ ಚಿತ್ರ’ ಬಹಳಷ್ಟು ಸಲ ಈ ಸುರುಳಿಯದ್ದೇ. ಅಲ್ಲವಾದರೆ ಇದಕ್ಕಿಂತ ತುಸು ಹಳೆಯದಾದ ಹುನೆಫರ್ ಎಂಬ ಇನ್ನೊಬ್ಬ ಕರಣಿಕನ ಸುರುಳಿಯದು.

ಸತ್ತವನಿಗೆ ಪರಲೋಕದಲ್ಲಿ ವಿಚಾರಣೆ, ಹೃದಯಕ್ಕೂ ಗರಿಗೂ ತೂಕ, ಪಾಪಿಯಾದರೆ ಮೃಗದ ಬಾಯಿಗೆ ತುತ್ತು ಎಂಬಷ್ಟು ಕಥೆ ಎಲ್ಲರಿಗೂ ಗೊತ್ತು. ಆದರೆ ಈ ಕಥೆ ನಮಗೆ ತಿಳಿದುಬಂದಿರುವುದು ಯಾವ ಬಗೆಯ ಬರಹದಿಂದ? ಅದನ್ನು ಯಾರು, ಯಾರಿಗಾಗಿ, ಯಾವಾಗ ಬರೆದರು? ಇಷ್ಟನ್ನು ಕೇಳಿಕೊಂಡು ಆನಿಯ ಸುರುಳಿಯನ್ನು ಮತ್ತೆ ನೋಡಿದರೆ ಚಿತ್ರ ಬೇರೆಯದೇ ಮಾತು ಹೇಳತೊಡಗುತ್ತದೆ.

ಮೊದಲು ಚಿತ್ರವನ್ನೇ ನೋಡೋಣ. ಎಡಗಡೆಯಿಂದ ಆನಿ ಮತ್ತು ತುತು ಬಾಗಿಕೊಂಡು ಒಳಗೆ ಬರುತ್ತಿದ್ದಾರೆ. ನಡುವೆ ದೊಡ್ಡ ತಕ್ಕಡಿ. ಎಡ ತಟ್ಟೆಯಲ್ಲಿ ಪುಟ್ಟ ಮಡಕೆಯಂತೆ ಬರೆದಿರುವ ಹೃದಯ, ಬಲ ತಟ್ಟೆಯಲ್ಲಿ ಒಂದು ಗರಿ. ಆ ಗರಿ ಮಾತ್ ಎಂಬ ದೇವಿಯ ಗುರುತು. ಸತ್ಯ, ನ್ಯಾಯ, ಲೋಕ ನೆಟ್ಟಗೆ ನಡೆಯುವ ಕ್ರಮ, ಈ ಎಲ್ಲವೂ ಅವಳೇ. ತಕ್ಕಡಿಯ ಕೆಳಗೆ ನರಿಯ ತಲೆಯ ಅನೂಬಿಸ್ ಮಂಡಿಯೂರಿ ತೂಕ ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದಾನೆ. ಅವನ ಹಿಂದೆ ಕೊಕ್ಕರೆಯ ತಲೆಯ ಥೋತ್, ಕೈಯಲ್ಲಿ ಲೇಖನಿ ಹಿಡಿದು ಫಲಿತಾಂಶ ಬರೆದುಕೊಳ್ಳಲು ಸಿದ್ಧ. ಥೋತನ ಬೆನ್ನ ಹಿಂದೆ ಮೊಸಳೆಯ ಮೂತಿ, ಸಿಂಹದ ಮುಂಗಾಲು, ನೀರಾನೆಯ ಹಿಂಭಾಗ ಇರುವ ಅಮ್ಮಿತ್ ಕಾದು ಕುಳಿತಿದೆ. ಮೇಲಿನ ಸಾಲಿನಲ್ಲಿ ದೇವತೆಗಳು ಸಾಕ್ಷಿಗಳಾಗಿ ಕುಳಿತಿದ್ದಾರೆ.

ಹೃದಯ ಗರಿಗಿಂತ ಹಗುರವಾಗಿರಬೇಕಿತ್ತು ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಚಿತ್ರದಲ್ಲಿ ತಕ್ಕಡಿಯ ದಂಡ ಸಮವಾಗಿ ನಿಂತಿದೆ. ಹೃದಯ ಮಾತ್‌ಗೆ ಸರಿದೂಗಬೇಕು, ಅಷ್ಟೇ. ಈಜಿಪ್ಟಿನವರಿಗೆ ಹೃದಯವೇ ಬುದ್ಧಿ, ಹೃದಯವೇ ನೆನಪು. ಶವವನ್ನು ಕೆಡದಂತೆ ಸಿದ್ಧಪಡಿಸುವಾಗ ಮೆದುಳನ್ನು ತೆಗೆದು ಎಸೆಯುತ್ತಿದ್ದವರು ಹೃದಯವನ್ನು ಸಾಮಾನ್ಯವಾಗಿ ದೇಹದೊಳಗೇ ಬಿಡುತ್ತಿದ್ದುದು ಅದಕ್ಕೇ. ಥೋತನನ್ನು ಕಂಡಾಗ ನಮಗೆ ಚಿತ್ರಗುಪ್ತ ನೆನಪಾಗುವುದು ಸಹಜ. ಆದರೆ ಈ ಚಿತ್ರದಲ್ಲಿ ಥೋತ್ ಆನಿಯ ಜೀವಮಾನದ ಖಾತೆ ತೆರೆದು ಓದುತ್ತಿಲ್ಲ, ತಕ್ಕಡಿ ತೋರಿಸಿದ್ದನ್ನು ದಾಖಲಿಸುತ್ತಿದ್ದಾನೆ. ಖಾತೆ ಇರುವುದು ಆನಿಯ ಎದೆಯೊಳಗೆ.

ಇಲ್ಲಿಯೇ ಮೊದಲ ತೊಡಕು. ಈ ದೃಶ್ಯದ ಪಕ್ಕದಲ್ಲಿ ಬರೆದಿರುವ ಮಂತ್ರವನ್ನು ಇಂದಿನ ವಿದ್ವಾಂಸರು 30ಬಿ ಎಂದು ಗುರುತಿಸುತ್ತಾರೆ. ಆನಿ ಅದನ್ನು ಹೇಳುತ್ತಿರುವುದು ದೇವರಿಗಲ್ಲ, ತನ್ನ ಹೃದಯಕ್ಕೆ. ತಾಯಿಯಿಂದ ಬಂದ ನನ್ನ ಹೃದಯವೇ ಎಂದು ಅಕ್ಕರೆಯಿಂದ ಕರೆದು, ವಿಚಾರಣೆಯ ಹೊತ್ತಿಗೆ ತನ್ನ ವಿರುದ್ಧ ಸಾಕ್ಷಿ ನಿಲ್ಲಬೇಡ, ತಕ್ಕಡಿಯ ಒಡೆಯನ ಮುಂದೆ ತನಗೆ ಎದುರಾಗಬೇಡ ಎಂದು ಬೇಡಿಕೊಳ್ಳುತ್ತಾನೆ. ತನಗೆ ಗೊತ್ತಿದ್ದುದನ್ನೆಲ್ಲ ತನ್ನದೇ ಹೃದಯ ಎಲ್ಲಿ ಹೇಳಿಬಿಡುತ್ತದೋ ಎಂಬ ಭಯ ಆ ಮಾತಿನಲ್ಲಿದೆ. ಹಸಿರು ಕಲ್ಲಿನ ಸಗಣಿ ಜೀರುಂಡೆ ಮಾಡಿಸಿ, ಲೋಹದ ಕಟ್ಟು ಹಾಕಿಸಿ, ಸತ್ತವನ ಕೊರಳಿಗೆ ತೊಡಿಸಬೇಕೆಂಬ ಸೂಚನೆಯೂ ಈ ಮಂತ್ರದ ಜೊತೆ ಬರುತ್ತದೆ. ಹಾಗೆ ಮಾಡಿದ್ದಕ್ಕೆ ಪುರಾವೆ ಉಂಟು. ಈ ಮಂತ್ರ ಕೆತ್ತಿದ ಜೀರುಂಡೆಗಳು ಜಗತ್ತಿನ ಅನೇಕ ಮ್ಯೂಸಿಯಂಗಳಲ್ಲಿವೆ. ಸೊಬೆಕೆಮ್ಸಾಫ್ ಎಂಬ ರಾಜನದು ಚಿನ್ನದ ಪೀಠದ ಮೇಲೆ ಕೂರಿಸಿದ ಹಸಿರು ಕಲ್ಲಿನದು. ಆನಿಗಿಂತ ಸುಮಾರು 300 ವರ್ಷ ಹಳೆಯದಾದ ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದೆ.

ನ್ಯಾಯದ ತಕ್ಕಡಿಯನ್ನು ನಂಬುವವರೇ ಸಾಕ್ಷಿಯ ಬಾಯಿ ಕಟ್ಟಲು ಮಂತ್ರ ಮಾಡಿಸುತ್ತಿದ್ದರು ಎಂದರೆ ಏನರ್ಥ? ಉತ್ತರ ಹುಡುಕುವ ಮೊದಲು ಆ ಸುರುಳಿ ತಯಾರಾದ ಬಗೆಯನ್ನು ತಿಳಿಯಬೇಕು.

ಆನಿಯ ಸುರುಳಿಯಲ್ಲಿ ಅವನ ಹೆಸರು ಬರುವ ಕಡೆಗಳನ್ನು ಸೂಕ್ಷ್ಮವಾಗಿ ನೋಡಿದರೆ ಹಲವೆಡೆ ಕೈಬರಹ ಬೇರೆ. ಸುತ್ತಲಿನ ಬರಹ ಒಬ್ಬರದು, ಹೆಸರು ಇನ್ನೊಬ್ಬರದು. ಕಾರ್ಯಾಗಾರದಲ್ಲಿ ಸುರುಳಿಯ ಭಾಗಗಳನ್ನು ಮುಂಚೆಯೇ ಬರೆದಿಟ್ಟು, ಸತ್ತವನ ಹೆಸರಿಗೆ ಜಾಗ ಖಾಲಿ ಬಿಟ್ಟು, ಕೊಳ್ಳುವವನು ಬಂದ ಮೇಲೆ ಭಾಗಗಳನ್ನು ಜೋಡಿಸಿ ಹೆಸರು ತುಂಬಿಸಿದ್ದಾರೆ. ಹೆಸರಿನ ಜಾಗ ಕೊನೆಗೂ ಖಾಲಿ ಉಳಿದ ಸುರುಳಿಗಳೂ ಬೇರೆಡೆ ಸಿಕ್ಕಿವೆ. ನಾವು ‘ಸತ್ತವರ ಪುಸ್ತಕ’ ಎಂದು ಕರೆಯುವುದು ಇಂಥ ಸುರುಳಿಗಳನ್ನೇ. ಆ ಹೆಸರು ಕೊಟ್ಟವನು ಜರ್ಮನಿಯ ಲೆಪ್ಸಿಯಸ್. ಇಟಲಿಯ ಟ್ಯೂರಿನ್ ನಗರದಲ್ಲಿದ್ದ ಒಂದು ಸುರುಳಿಯನ್ನು 1842ರಲ್ಲಿ ಪ್ರಕಟಿಸಿ, ಅದರ ಮಂತ್ರಗಳಿಗೆ 1ರಿಂದ 165ರವರೆಗೆ ಸಂಖ್ಯೆ ಹಾಕಿದ. ಇಂದಿಗೂ ಅವೇ ಸಂಖ್ಯೆಗಳು ಬಳಕೆಯಲ್ಲಿವೆ, ಆಮೇಲೆ ಸಿಕ್ಕ ಮಂತ್ರಗಳನ್ನು ಅದರ ಮುಂದಕ್ಕೆ ಸೇರಿಸುತ್ತ ಹೋದರು. ಮೂಲದಲ್ಲಿ ಅದೊಂದು ಪುಸ್ತಕವೇ ಅಲ್ಲ. ಮಂತ್ರಗಳ ದೊಡ್ಡ ರಾಶಿಯಿಂದ ಬೇಕಾದಷ್ಟನ್ನು, ಕೈಲಾದಷ್ಟನ್ನು ಆರಿಸಿ ಬರೆಸಿಕೊಂಡದ್ದು. ಹಾಗಾಗಿ ಎರಡು ಸುರುಳಿಗಳು ಒಂದೇ ಥರ ಇರುವುದಿಲ್ಲ.

ಇದರಿಂದ ಒಂದು ಮಾತು ಖಚಿತವಾಗುತ್ತದೆ. ಆನಿ ತೂಕದಲ್ಲಿ ಗೆದ್ದ ಎಂದು ಈ ಸುರುಳಿ ಹೇಳುವುದು ಆನಿಯ ಬದುಕಿನ ಬಗ್ಗೆ ಯಾವ ಪುರಾವೆಯೂ ಅಲ್ಲ. ತಕ್ಕಡಿ ಸಮವಾಗಿ ನಿಂತದ್ದು ಆನಿಯ ಹೆಸರು ಬರೆಯುವುದಕ್ಕೆ ಮುಂಚೆಯೇ ಇರಬಹುದು. ಈ ಬಗೆಯ ಸುರುಳಿಗಳಲ್ಲಿ ಹೃದಯ ಸೋತು ಅಮ್ಮಿತ್ ತಿಂದ ಮಾಲೀಕನ ಚಿತ್ರವನ್ನು ಯಾರೂ ಕಾಣಲಾರರು. ಸೋಲಿನ ಚಿತ್ರವನ್ನು ತನ್ನ ಸಮಾಧಿಗೆ ದುಡ್ಡು ಕೊಟ್ಟು ಬರೆಸಿಕೊಳ್ಳುವವರು ಯಾರು? ಇದು ವಿಚಾರಣೆಯ ವರದಿಯಲ್ಲ, ವಿಚಾರಣೆಗೆ ಹೋಗುವವನು ಕೈಯಲ್ಲಿ ಹಿಡಿದ ಹೇಳಿಕೆ.

ಆ ಹೇಳಿಕೆಯ ಮುಖ್ಯ ಭಾಗವೇ 125ನೆಯ ಅಧ್ಯಾಯ. ಸತ್ತವನು ಸಭಾಂಗಣಕ್ಕೆ ಬಂದು ಎರಡು ಸಲ ತನ್ನ ನಿರ್ದೋಷವನ್ನು ಸಾರುತ್ತಾನೆ. ಮೊದಲು ಪರಲೋಕದ ಒಡೆಯನಾದ ಒಸಿರಿಸ್ ಮುಂದೆ, ಆಮೇಲೆ ಸಾಲಾಗಿ ಕುಳಿತ 42 ದೇವತೆಗಳ ಮುಂದೆ, ಒಬ್ಬೊಬ್ಬರಿಗೆ ಒಂದೊಂದು ಮಾತು. ತಾನು ಇದನ್ನು ಮಾಡಿದ್ದೇನೆ ಎನ್ನುವ ಬದಲು ಇಂಥಿಂಥದ್ದನ್ನು ಮಾಡಿಲ್ಲ ಎನ್ನುತ್ತಾನೆ.

ಇಲ್ಲಿ ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಆನಿಯದು, ಇನ್ನೊಂದು ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ನು ಎಂಬ ಅಧಿಕಾರಿಯದು. ನು ಖಜಾನೆ ಅಧಿಕಾರಿಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದವನು. ಅವನ ಸುರುಳಿಯಲ್ಲಿ ಒಸಿರಿಸ್ ಮುಂದೆ ಹೇಳುವ ಮಾತುಗಳು ಪೂರ್ತಿಯಾಗಿವೆ. ಕೊಂದಿಲ್ಲ, ಕೊಲ್ಲಲು ಹೇಳಿಲ್ಲ, ಯಾರನ್ನೂ ಅಳಿಸಿಲ್ಲ, ಯಾರನ್ನೂ ಹಸಿವಿಗೆ ದೂಡಿಲ್ಲ ಎಂಬಂಥ ಮಾತುಗಳ ನಂತರ ಅಳತೆಯ ವಿಷಯ ಬರುತ್ತದೆ. ಧಾನ್ಯ ಅಳೆಯುವ ಕೊಳಗವನ್ನು ಕುಗ್ಗಿಸಿಲ್ಲ, ಹೊಲದ ಅಳತೆಯಲ್ಲಿ ಮೋಸ ಮಾಡಿಲ್ಲ, ತೂಕದ ಕಲ್ಲಿಗೆ ಭಾರ ಸೇರಿಸಿಲ್ಲ, ತಕ್ಕಡಿಯ ತೂಗುಗುಂಡನ್ನು ಅಲ್ಲಾಡಿಸಿಲ್ಲ ಎನ್ನುತ್ತಾನೆ. ಆಮೇಲೆ ಮಕ್ಕಳ ಬಾಯಿಂದ ಹಾಲು ಕಸಿದಿಲ್ಲ, ಮೇಯುವ ದನಗಳನ್ನು ಹುಲ್ಲಿನಿಂದ ಅಟ್ಟಿಲ್ಲ, ನೀರು ಹರಿಯಬೇಕಾದ ಕಾಲದಲ್ಲಿ ಅದನ್ನು ತಡೆದಿಲ್ಲ, ಹರಿಯುವ ನೀರಿಗೆ ಅಡ್ಡಕಟ್ಟೆ ಹಾಕಿಲ್ಲ ಎಂದು ಮುಂದುವರಿಯುತ್ತದೆ.

ನೈಲ್ ನದಿಯ ಪ್ರವಾಹವನ್ನೇ ನಂಬಿದ ನಾಡಿನ ಪಾಪಗಳು ಇವು. ವರ್ಷಕ್ಕೊಮ್ಮೆ ನದಿ ಉಕ್ಕಿ ಹೊಲ ಮುಳುಗುತ್ತಿತ್ತು, ಗಡಿಕಲ್ಲುಗಳು ಅಳಿಸಿಹೋಗುತ್ತಿದ್ದವು, ಹೊಲ ಮತ್ತೆ ಅಳೆಯಬೇಕಾಗುತ್ತಿತ್ತು. ತೆರಿಗೆ ಕೊಡುತ್ತಿದ್ದುದು ಧಾನ್ಯದಲ್ಲಿ, ಕೂಲಿ ಸಿಗುತ್ತಿದ್ದುದೂ ಧಾನ್ಯದಲ್ಲಿ. ಕೊಳಗದ ಬಾಯಿ ತುಸು ಚಿಕ್ಕದಾದರೆ, ಅಳತೆಯ ಹಗ್ಗ ತುಸು ಸಡಿಲವಾದರೆ ಬಡವನ ಮನೆಯ ವರ್ಷದ ಊಟವೇ ಕರಗುತ್ತಿತ್ತು. ನನ್ನ ಮಟ್ಟಿಗೆ ಈಜಿಪ್ಟಿನ ಎಲ್ಲ ಸಮಾಧಿ ಬರಹಗಳಲ್ಲಿ ಮನುಷ್ಯರ ಬದುಕಿಗೆ ಅತಿ ಹತ್ತಿರ ಬರುವ ಸಾಲುಗಳು ಇವೇ. ಒಂದು ಕಾಲದ ಜನ ಯಾವ ಅನ್ಯಾಯಕ್ಕೆ ಹೆದರುತ್ತಿದ್ದರು ಎಂಬುದನ್ನು ರಾಜರ ವಿಜಯ ಶಾಸನಗಳು ಹೇಳುವುದಿಲ್ಲ, ಈ ಪಟ್ಟಿ ಹೇಳುತ್ತದೆ.

ಆನಿಯ ಸುರುಳಿಗೆ ಬಂದರೆ ಒಸಿರಿಸ್ ಮುಂದಿನ ಈ ಉದ್ದ ಪಟ್ಟಿ ಇಲ್ಲ, 42 ದೇವತೆಗಳ ಮುಂದಿನ ಪಟ್ಟಿ ಮಾತ್ರ ಇದೆ. ಅದರಲ್ಲಿ ಧಾನ್ಯ ಕದ್ದಿಲ್ಲ, ನೈವೇದ್ಯ ಅಪಹರಿಸಿಲ್ಲ, ದೇವರ ಸೊತ್ತು ಕದ್ದಿಲ್ಲ ಎಂಬ ಮಾತುಗಳು ಒಂದರ ಹಿಂದೆ ಒಂದು ಬರುತ್ತವೆ. ತೂಕ ಮುಗಿದ ಮೇಲೆ ಥೋತ್ ತೀರ್ಪು ಹೇಳುವಾಗಲೂ, ಈತ ಗುಡಿಗಳ ನೈವೇದ್ಯಕ್ಕೆ ಕೈ ಹಾಕಿಲ್ಲ ಎಂಬ ಮಾತು ಸೇರಿದೆ. ಕಣಜದ ಅಧಿಕಾರಿ, ನೈವೇದ್ಯದ ಲೆಕ್ಕಿಗ! ಅವನ ಹುದ್ದೆಗೇ ಅಳೆದು ಹೊಲಿಸಿದಂತಿದೆ. ಓದುವವರಿಗೆ ಆನಿಯ ಅಂತರಂಗವೇ ಕೈಗೆ ಸಿಕ್ಕಿತು ಎನಿಸುತ್ತದೆ. ಆದರೆ ನುವಿನ ಪಟ್ಟಿಯಲ್ಲೂ ಗುಡಿಯ ನೈವೇದ್ಯ ಕಡಿಮೆ ಮಾಡಿಲ್ಲ ಎಂಬ ಮಾತಿದೆ. ಇವು ಆನಿಗೆಂದು ಬರೆದ ಮಾತುಗಳಲ್ಲ, ತಲೆಮಾರುಗಳಿಂದ ನಕಲಾಗುತ್ತ ಬಂದವು. ನಕಲಿನ ಗುರುತೂ ಅಲ್ಲೇ ಇದೆ. ಪರರ ಹೆಂಡತಿಯನ್ನು ಕೆಡಿಸಿಲ್ಲ ಎಂಬ ಒಂದೇ ಮಾತು ಆನಿಯ ಪಟ್ಟಿಯಲ್ಲಿ ಬೆನ್ನುಬೆನ್ನಿಗೆ ಎರಡು ಸಲ, ಇಬ್ಬರು ಬೇರೆ ಬೇರೆ ದೇವತೆಗಳಿಗೆ ಸಲ್ಲುತ್ತದೆ. ಆನಿಯಂಥ ಅಧಿಕಾರಿಯಿಂದ ಆ ಸಮಾಜ ಏನನ್ನು ಬಯಸುತ್ತಿತ್ತು ಎಂದು ಈ ಪಟ್ಟಿಯಿಂದ ಹೇಳಬಹುದು. ಆನಿ ಹಾಗೆ ನಡೆದುಕೊಂಡನೇ ಎಂದು ಹೇಳಲಾಗದು.

ಹೇಳಿಕೆ ಮುಗಿದರೂ ಸತ್ತವನನ್ನು ಬಿಡುವುದಿಲ್ಲ. 42 ದೇವತೆಗಳನ್ನು ಮಾತಾಡಿಸುವಾಗ ಪ್ರತಿಯೊಬ್ಬರ ಹೆಸರನ್ನೂ ಊರನ್ನೂ ಹೇಳಬೇಕು. ಮೂಳೆ ಮುರಿಯುವವನು, ನೆರಳು ನುಂಗುವವನು, ದಾಪುಗಾಲು ಹಾಕುವವನು, ಹೀಗೆ ಕೇಳಿದರೇ ಮೈ ನಡುಗುವ ಹೆಸರುಗಳು. ಅದಾದ ಮೇಲೆ ಬಾಗಿಲೇ ಪ್ರಶ್ನೆ ಕೇಳುತ್ತದೆ. ಬಾಗಿಲ ಚೌಕಟ್ಟು, ಹೊಸ್ತಿಲು, ಅಗುಳಿ, ಒಂದೊಂದೂ ತನ್ನ ಗುಟ್ಟಿನ ಹೆಸರು ಹೇಳದೆ ಒಳಗೆ ಬಿಡೆನೆಂದು ತಡೆಯುತ್ತದೆ. ಕೊನೆಗೆ ನೆಲವೂ ಮಾತಾಡುತ್ತದೆ, ತನ್ನನ್ನು ತುಳಿಯುವ ಪಾದಗಳ ಹೆಸರು ತಿಳಿಸೆನ್ನುತ್ತದೆ. ಉತ್ತರಗಳೆಲ್ಲ ಸುರುಳಿಯಲ್ಲೇ ಬರೆದಿವೆ. ಬರೀ ಒಳ್ಳೆಯವನಾಗಿದ್ದರೆ ಸಾಲದು, ತಿಳಿದವನೂ ಆಗಿರಬೇಕು. ಬರೆಸಿಕೊಳ್ಳಲು ಹಣವಿದ್ದವನಿಗೆ ಆ ತಿಳಿವು ಸಿಕ್ಕೀತು.

ಇಷ್ಟು ಓದಿ ಕೆಲವರು, ಇದು ಪುರೋಹಿತರ ವ್ಯಾಪಾರ, ಪಾಪಕ್ಕೆ ರಿಯಾಯಿತಿ ಚೀಟಿ ಎಂದು ತಳ್ಳಿಹಾಕಿದ್ದಾರೆ. ನಾನು ಒಪ್ಪುವುದಿಲ್ಲ. 125ನೆಯ ಅಧ್ಯಾಯದ ಕೊನೆಗೆ ಇರುವ ಸೂಚನೆಯನ್ನು ಗಮನಿಸಿ. ಇದನ್ನು ಹೇಳುವವನು ಮಿಂದು ಶುದ್ಧನಾಗಿ, ಮಡಿಬಟ್ಟೆಯುಟ್ಟು, ಬಿಳಿ ಪಾದರಕ್ಷೆ ಮೆಟ್ಟಿ, ಕಣ್ಣಿಗೆ ಕಾಡಿಗೆ ಹಚ್ಚಿ, ಪರಿಮಳದೆಣ್ಣೆ ಪೂಸಿಕೊಂಡಿರಬೇಕು. ಇದು ಗರ್ಭಗುಡಿಗೆ ಹೋಗುವ ಪೂಜಾರಿಯ ನೇಮ. ಎಡ್ಫು ದೇವಾಲಯದ ಬಾಗಿಲುಗಳ ಬಳಿ ಪೂಜಾರಿಗಳಿಗೆಂದು ಕೆತ್ತಿದ ಎಚ್ಚರಿಕೆಗಳಲ್ಲಿ ಅಶುದ್ಧರಾಗಿ ಒಳಗೆ ಬರಬೇಡಿ, ತೂಕ ಅಳತೆಯಲ್ಲಿ ಮೋಸ ಮಾಡಬೇಡಿ ಎಂಬ ಅದೇ ಬಗೆಯ ಮಾತುಗಳಿವೆ. ಗುಡಿಯ ಸೇವೆಗೆ ಸೇರುವವರು ಮಾಡುತ್ತಿದ್ದ ಪ್ರತಿಜ್ಞೆಯೇ ಸಮಾಧಿಯ ಈ ಹೇಳಿಕೆಗೆ ಮೂಲವಿರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಎಡ್ಫುವಿನ ಕೆತ್ತನೆಗಳು ಆನಿಗಿಂತ ಸಾವಿರ ವರ್ಷ ಈಚಿನವು, ಆದ್ದರಿಂದ ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೂ ಸಾಕಷ್ಟು ನಂಬಬಹುದಾದ ಊಹೆ. ಹಾಗಿದ್ದಲ್ಲಿ ಆನಿ ಇಲ್ಲಿ ಕಟಕಟೆಯ ಆರೋಪಿಯಷ್ಟೇ ಅಲ್ಲ, ದೇವರ ಸನ್ನಿಧಿಗೆ ಹೋಗಲು ಅರ್ಹತೆ ಕೇಳುವ ಸೇವಕ ಕೂಡ. ಪಟ್ಟಿ ಅವನ ಪಾಪವನ್ನು ಮುಚ್ಚುವುದಕ್ಕಿಂತ ಹೆಚ್ಚಾಗಿ ಅವನಿಂದ ಆ ಪಾಪಗಳನ್ನು ಕಳಚುತ್ತದೆ. ಹೃದಯಕ್ಕೆ ಮಾಡುವ ಬೇಡಿಕೆಯನ್ನೂ ನಾನು ಹೀಗೆಯೇ ಓದುತ್ತೇನೆ. ತನ್ನ ತಪ್ಪುಗಳನ್ನು ಬಲ್ಲವನ ಭಯ ಅದು. ತಕ್ಕಡಿಯನ್ನು ನಂಬದವನಿಗೆ ಅಂಥ ಭಯ ಹುಟ್ಟುತ್ತಿರಲಿಲ್ಲ.

ಈ ನಂಬಿಕೆ ಮೊದಲಿನಿಂದ ಹೀಗೇ ಇರಲಿಲ್ಲ. ಕ್ರಿ.ಪೂ. ಸುಮಾರು 2350ರ ಹೊತ್ತಿಗೆ ಸಕ್ಕಾರಾದಲ್ಲಿ ಉನಾಸ್ ರಾಜನ ಪಿರಮಿಡ್ಡಿನೊಳಗೆ ಕೆತ್ತಿದ ಮಂತ್ರಗಳು ರಾಜನನ್ನು ಆಕಾಶಕ್ಕೆ ಏರಿಸುತ್ತವೆ. ಅಲ್ಲಿ ಹೃದಯ ತೂಗುವ ಮಾತಿಲ್ಲ. ಅದೇ ಯುಗದ ಅಧಿಕಾರಿಗಳ ಸಮಾಧಿಗಳ ಮೇಲೆ, ಈ ಸಮಾಧಿಯನ್ನು ಕೆಡಿಸಿದವನ ಮೇಲೆ ಮಹಾದೇವರ ಮುಂದೆ ದಾವೆ ಹೂಡುತ್ತೇನೆ ಎಂಬ ಬೆದರಿಕೆಗಳಿವೆ. ಅಂದರೆ ಪರಲೋಕದಲ್ಲಿ ನ್ಯಾಯಾಲಯ ಆಗಲೇ ಇತ್ತು, ಆದರೆ ದೂರು ಕೊಟ್ಟರೆ ಮಾತ್ರ ವಿಚಾರಣೆ. ಸತ್ತವರೆಲ್ಲರೂ, ಯಾರೂ ದೂರು ಕೊಡದಿದ್ದರೂ, ತಮ್ಮ ಇಡೀ ಬದುಕಿಗೆ ಉತ್ತರ ಹೇಳಬೇಕು ಎಂಬುದು ಆಮೇಲೆ ಗಟ್ಟಿಯಾದ ಭಾವನೆ. ಮೆರಿಕಾರೆ ಎಂಬ ರಾಜನಿಗೆ ತಂದೆ ಹೇಳಿದ್ದೆಂಬ ಉಪದೇಶದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಸತ್ತ ಮೇಲೆ ಮನುಷ್ಯನ ಕರ್ಮಗಳನ್ನು ಅವನ ಪಕ್ಕದಲ್ಲೇ ರಾಶಿ ಹಾಕಲಾಗುತ್ತದೆ, ಆ ನ್ಯಾಯಾಧೀಶರು ಸಡಿಲ ಬಿಡುವವರಲ್ಲ ಎಂದು ತಂದೆ ಎಚ್ಚರಿಸುತ್ತಾನೆ. ಆ ಎಚ್ಚರಿಕೆಯಲ್ಲಿ ಜೀರುಂಡೆಯ ಸುದ್ದಿಯಿಲ್ಲ. ಅದು ಬದುಕಿರುವವನಿಗೆ ಹೇಳಿದ ಬುದ್ಧಿಮಾತು, ಸಮಾಧಿಯ ಸಾಮಾನಲ್ಲ. ಎರಡು ಬರಹಗಳ ದನಿ ಬೇರೆಯಾಗಿರುವುದಕ್ಕೆ ಕಾರಣ ನಂಬಿಕೆ ಬೇರೆ ಎಂದಲ್ಲ, ಅವುಗಳ ಕೆಲಸ ಬೇರೆ.

ಹಣವಿಲ್ಲದವರು, ಸುರುಳಿ ಬರೆಸಲಾಗದವರು ಈ ತಕ್ಕಡಿಯ ಬಗ್ಗೆ ಏನೆಂದುಕೊಂಡಿದ್ದರು? ಸಮಾಧಿಯ ಬರಹಗಳು ಇದಕ್ಕೆ ಉತ್ತರ ಕೊಡಲಾರವು, ಯಾಕೆಂದರೆ ಅವು ಉಳ್ಳವರವು. ಆದರೆ ಕ್ರಿ.ಶ. ಮೊದಲ ಶತಮಾನದ ಒಂದು ಪಪೈರಸ್‌ನಲ್ಲಿ, ಹಳೆಯ ಗ್ರೀಕ್ ದಾಖಲೆಯ ಹಿಂಬದಿಯಲ್ಲಿ ಬರೆದ ಕಥೆಯೊಂದಿದೆ. ಅದರ ನಾಯಕ ಸೆತ್ನಾ, ರಾಮ್ಸೆಸ್ ದೊರೆಯ ಮಗ ಖಮ್ವಾಸೆತ್‌ನ ನೆನಪಿನಲ್ಲಿ ಹುಟ್ಟಿದ ಪಾತ್ರ. ಒಂದು ದಿನ ಅವನು ಮಗನ ಜೊತೆ ಮನೆಯಿಂದ ನೋಡುತ್ತಿರುವಾಗ ಶ್ರೀಮಂತನೊಬ್ಬನ ಶವಯಾತ್ರೆ ಗೋಳಾಟ, ಮರ್ಯಾದೆಗಳೊಂದಿಗೆ ಸಾಗುತ್ತದೆ. ಅದರ ಬೆನ್ನಿಗೆ ಚಾಪೆಯಲ್ಲಿ ಸುತ್ತಿದ ಬಡವನ ಹೆಣ, ಹಿಂದೆ ಒಬ್ಬರೂ ಇಲ್ಲ. ಆ ಶ್ರೀಮಂತನೇ ಪುಣ್ಯವಂತ ಎಂದು ಸೆತ್ನಾ ಅಂದಾಗ ಮಗ, ನಿನಗೆ ಪರಲೋಕದಲ್ಲಿ ಆ ಬಡವನ ಗತಿಯೇ ಸಿಗಲಿ ಎಂದು ಹರಸುತ್ತಾನೆ. ನೊಂದ ತಂದೆಯನ್ನು ಕರೆದುಕೊಂಡು ಪರಲೋಕದ ಅಂಗಣಗಳಿಗೆ ಇಳಿಯುತ್ತಾನೆ. ಅಲ್ಲಿ ಒಬ್ಬನ ಬಲಗಣ್ಣಿನಲ್ಲಿ ಬಾಗಿಲಿನ ತಿರುಗುಗೂಟ ನೆಟ್ಟಿದೆ, ಅವನು ಚೀರುತ್ತಿದ್ದಾನೆ. ಅವನೇ ಆ ಶ್ರೀಮಂತ. ಒಸಿರಿಸ್‌ನ ಬಳಿ ನಯವಾದ ನಾರುಬಟ್ಟೆ ಉಟ್ಟು ನಿಂತವನು ಆ ಬಡವ. ಶ್ರೀಮಂತನ ಸಮಾಧಿಗೆಂದು ಇಟ್ಟ ಸಾಮಾನನ್ನೆಲ್ಲ ದೇವರು ಅವನಿಗೇ ಕೊಡಿಸಿದ್ದಾನೆ.

ಈ ಕಥೆಯಲ್ಲಿ ತಕ್ಕಡಿ ಇದೆ, ಅನೂಬಿಸ್, ಥೋತ್ ಇದ್ದಾರೆ. ಆದರೆ ತೂಗುವುದು ಒಳ್ಳೆಯ ಕೆಲಸಗಳನ್ನು ಕೆಟ್ಟ ಕೆಲಸಗಳ ಎದುರಿಗೆ. ಕೆಟ್ಟದ್ದು ಹೆಚ್ಚಾದವನು ನುಂಗುವ ಮೃಗಕ್ಕೆ, ಒಳ್ಳೆಯದು ಹೆಚ್ಚಾದವನು ದೇವತೆಗಳ ನಡುವೆ, ಎರಡೂ ಸಮವಾದವನು ಒಸಿರಿಸ್‌ನ ಸೇವೆಗೆ. ಗುಟ್ಟಿನ ಹೆಸರುಗಳನ್ನು ಬಡವನಿಂದ ಯಾರೂ ಕೇಳುವುದಿಲ್ಲ. ಈ ಬರಹ ಆನಿಯ ಕಾಲಕ್ಕಿಂತ 1300 ವರ್ಷ ಈಚಿನದು, ಗ್ರೀಕರ ಮತ್ತು ರೋಮನ್ನರ ಆಳ್ವಿಕೆ ಕಂಡ ಈಜಿಪ್ಟಿನದು. ಇದನ್ನು ಆನಿಯ ಕಾಲಕ್ಕೆ ಒಯ್ದು ಹಚ್ಚಿದರೆ ತಪ್ಪಾಗುತ್ತದೆ. ಆದರೆ ಮರಣದ ನಂತರದ ನ್ಯಾಯವನ್ನು ಈಜಿಪ್ಟಿನ ಜನ ಹೇಗೆ ಬಯಸಿದರು ಎಂಬ ಪ್ರಶ್ನೆಗೆ 23 ಮೀಟರಿನ ಆ ಸುಂದರ ಸುರುಳಿಗಿಂತ ಹಳೆಯ ದಾಖಲೆಯ ಹಿಂಬದಿಯ ಈ ಕಥೆಯೇ ಹೆಚ್ಚು ನಂಬಬಹುದಾದ ಸಾಕ್ಷಿ. ಇದನ್ನು ಯಾರೂ ತಮ್ಮ ಸಮಾಧಿಗಾಗಿ ಬರೆಸಿದ್ದಲ್ಲ.